ಸಂಜೆ ಪೋಣಿಸಿದ ಹಾರ, ಬೆಳಗಿನ ಪೂಜೆಗೆ

ಹೂವನ್ನು ಮಾಲೆಯಾಗಿಸುವ ರೀತಿ ಎರಡು. ಒಂದು ಕಟ್ಟುವುದು. ಎರಡೆರಡು ಹೂವನ್ನು ಬೆರಳ ನಡುವೆ ಹಿಡಿದು, ತೊಟ್ಟಿಗೆ ದಾರದ ಅಥವಾ ಬಾಳೆನಾರಿನ ಗಂಟು ಹಾಕುತ್ತಾ ಹೋಗುವ ಕ್ರಮ ಇದು. ಮಲ್ಲಿಗೆ, ಕಾಕಡ, ಕನಕಾಂಬರಗಳಿಗೆ ಇದೇ ಸರಿ, ಏಕೆಂದರೆ ಅವುಗಳ ತೊಟ್ಟು ಸೂಜಿಗೆ ಸೀಳುವಷ್ಟು ಸಪೂರ. ಇನ್ನೊಂದು ಪೋಣಿಸುವುದು, ಅಂದರೆ ಹೂವಿನ ಮೈಯಲ್ಲೇ ಸೂಜಿ ಹಾಯಿಸಿ ದಾರಕ್ಕೆ ಏರಿಸುವುದು. ಸುಗಂಧರಾಜ, ಸೇವಂತಿಗೆ, ಚೆಂಡುಹೂ, ಆಸ್ಟರ್, ಕಣಗಿಲೆಯಂಥ ಹೂಗಳಿಗೆ ಇದು ಒಪ್ಪುತ್ತದೆ. ದೇವರ ಪಟಕ್ಕೆ ಹಾಕುವ ದಪ್ಪ ಹಾರ, ಬಾಗಿಲ ತೋರಣ, ಮದುವೆಯ ಹಾರಗಳೆಲ್ಲ ಹೆಚ್ಚಾಗಿ ಪೋಣಿಸಿದವೇ.

ಕಟ್ಟಿದ ಮಾಲೆಯಲ್ಲಿ ಹೂವಿಗೆ ಗಾಯವಾಗುವುದಿಲ್ಲ, ಪೋಣಿಸಿದ ಹಾರದಲ್ಲಿ ಪ್ರತಿ ಹೂವಿಗೂ ಒಂದು ತೂತು ಬೀಳುತ್ತದೆ. ಹಾರ ಬೆಳಗಿನವರೆಗೆ ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ತೂತಿನ ಮೇಲೆ ನಿಂತಿದೆ. ಸೂಜಿ ಹೂವಿನ ಗಟ್ಟಿ ಭಾಗದಲ್ಲಿ ಹೋಗಿದ್ದರೆ ಗಾಯ ಅಲ್ಲೇ ಒಣಗಿ ನಿಲ್ಲುತ್ತದೆ. ಎಸಳಿನ ಮೆತ್ತನೆಯ ಭಾಗದಲ್ಲಿ ಹೋಗಿದ್ದರೆ ತೂತಿನ ಸುತ್ತ ಕಂದು ಬಣ್ಣ ತಿರುಗಿ, ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಹೂವಿನ ಆಯ್ಕೆ, ದಾರ, ಬಿಗಿ, ರಾತ್ರಿ ಇಡುವ ಜಾಗ ಇವೆಲ್ಲ ಈ ಗಾಯ ಹರಡದಂತೆಯೂ ಹೂವಿನೊಳಗಿನ ನೀರು ಬೇಗ ಆರದಂತೆಯೂ ನೋಡಿಕೊಳ್ಳುವ ಕ್ರಮಗಳು.

ವರಮಹಾಲಕ್ಷ್ಮಿ ಹಬ್ಬ ಬರುವುದು ಶ್ರಾವಣದ ಶುಕ್ರವಾರ. ಬೆಳಗಿನ ಪೂಜೆಗೆ ಹಾರ ಸಿದ್ಧವಿರಬೇಕಾದರೆ ಗುರುವಾರ ಸಂಜೆಯೇ ಪೋಣಿಸಿಡಬೇಕು. ಒಂದೂವರೆ ಅಡಿ ಎತ್ತರದ ದೇವಿಯ ಪಟಕ್ಕೆ ಸುಗಂಧರಾಜ ಮತ್ತು ಹಳದಿ ಸೇವಂತಿಗೆಯ ಹಾರ, ಕೆಳಗೆ ಗುಲಾಬಿಯ ಕುಚ್ಚು ಎಂದಿಟ್ಟುಕೊಂಡರೆ, ಕೆಲಸದ ಎಲ್ಲ ಹಂತಗಳೂ ಇದರಲ್ಲಿ ಬಂದುಹೋಗುತ್ತವೆ.

ಹೂವಿನ ಆಯ್ಕೆ

ಸುಗಂಧರಾಜದಲ್ಲಿ ಎರಡು ಬಗೆ. ಒಂದೇ ಸುತ್ತಿನ ಎಸಳಿನದು ಬಿಡಿ ಹೂವಾಗಿ ಮಾರುಕಟ್ಟೆಗೆ ಬರುತ್ತದೆ, ಹಾರಕ್ಕೆ ಬೇಕಾದದ್ದು ಇದೇ. ಸುತ್ತು ಎಸಳಿನದನ್ನು ದಂಟಿನ ಸಮೇತ ಹೂದಾನಿಗೆ ಇಡುತ್ತಾರೆ. ಹಾರಕ್ಕೆ ಅದು ಭಾರ, ಒತ್ತೊತ್ತಾಗಿರುವ ಎಸಳು ಬೇಗ ಕಂದುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಶೃಂಗಾರ್, ಪ್ರಜ್ವಲ್ ತಳಿಗಳು ಒಂಟಿ ಸುತ್ತಿನವು, ಸುವಾಸಿನಿ ಮತ್ತು ವೈಭವ್ ಸುತ್ತು ಎಸಳಿನವು.

ಸಂಜೆ ಪೋಣಿಸಿ ಬೆಳಿಗ್ಗೆ ಹಾಕುವ ಹಾರಕ್ಕೆ ಪೂರ್ತಿ ಅರಳಿದ ಸುಗಂಧರಾಜ ಬೇಡ. ಬಲಿತು ದಪ್ಪಗಾಗಿ, ಹಸಿರು ಛಾಯೆ ಹೋಗಿ ಬೆಳ್ಳಗಾದ, ಇನ್ನೂ ಬಾಯಿ ಬಿಡದ ಅಥವಾ ಆಗಷ್ಟೇ ತುದಿ ಬಿಟ್ಟ ಮೊಗ್ಗು ಬೇಕು. ಈ ಹೂ ಸಹಜವಾಗಿ ಸಂಜೆಯ ನಂತರ ಅರಳುವಂಥದ್ದು. ಆದ್ದರಿಂದ ಬಲಿತ ಮೊಗ್ಗು ಹಾರದಲ್ಲೇ ಅರಳಿ ಬೆಳಿಗ್ಗೆ ಒಳ್ಳೆಯ ಸ್ಥಿತಿಯಲ್ಲಿರುತ್ತದೆ. ಹಸಿರು ಛಾಯೆ ಇರುವ ಎಳೆ ಮೊಗ್ಗು ಕಿತ್ತ ಮೇಲೆ ಅರಳುವುದಿಲ್ಲ, ಹಾಗೆಯೇ ಮುದುರಿಕೊಳ್ಳುತ್ತದೆ. ಹೂವಿನ ಕೊಳವೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಗಟ್ಟಿಯಾಗಿರಬೇಕು. ಎಸಳಿನ ಮೇಲೆ ಎಣ್ಣೆ ಸವರಿದ ಕಾಗದದಂತೆ ಒಳಗಿನ ಬೆಳಕು ಕಾಣುವ ಮಚ್ಚೆಗಳಿದ್ದರೆ ಅದು ಮೂಟೆಯಲ್ಲಿ ಬಿಸಿಗೆ ಬೆಂದ ಹೂ. ಅದು ಸಂಜೆ ಬೆಳ್ಳಗೇ ಕಂಡರೂ ಬೆಳಿಗ್ಗೆ ಕಂದಾಗಿರುತ್ತದೆ.

ಸೇವಂತಿಗೆಯನ್ನು ತಿರುಗಿಸಿ ಬೆನ್ನು ನೋಡಿ ಕೊಳ್ಳಬೇಕು. ತೊಟ್ಟು ಕತ್ತರಿಸಿದ ಜಾಗ ಹಸಿರಾಗಿದ್ದರೆ ಹೂ ಹೊಸದು, ಕಪ್ಪಗಾಗಿದ್ದರೆ ಎರಡು ಮೂರು ದಿನದ್ದು. ಮುಂಭಾಗದಲ್ಲಿ ಹೊರಗಿನ ಎಸಳು ಅರಳಿ, ನಡುವಿನ ಎಸಳು ಇನ್ನೂ ಒಳಮುಖವಾಗಿ ಬಿಗಿದುಕೊಂಡಿರಬೇಕು. ನಡು ಪೂರ್ತಿ ತೆರೆದ ಹೂವಿನ ಹೊರ ಎಸಳು ಸೂಜಿಯ ಒತ್ತಡಕ್ಕೇ ಉದುರುತ್ತವೆ. ಹೂ ಬಾಡದಿರಲೆಂದು ವ್ಯಾಪಾರಿಗಳು ನೀರು ಚಿಮುಕಿಸುವುದು ರೂಢಿ. ಆ ನೀರು ಸೇವಂತಿಗೆಯ ಎಸಳ ಸಂದಿನಲ್ಲಿ ನಿಂತು ತೂಕ ಹೆಚ್ಚಿಸುತ್ತದೆ, ರಾತ್ರಿಯಲ್ಲಿ ಕೊಳೆಯನ್ನೂ ತರುತ್ತದೆ. ಒಂದು ಹೂವನ್ನು ಬೋರಲು ಹಿಡಿದು ಜಾಡಿಸಿದರೆ ಎಷ್ಟು ನೀರಿದೆ ಎಂದು ತಿಳಿಯುತ್ತದೆ. ರಾಶಿಯೊಳಗೆ ಕೈ ಹಾಕಿದಾಗ ಬೆಚ್ಚಗಿದ್ದರೆ, ಹುಳಿ ವಾಸನೆ ಬಂದರೆ ಆ ರಾಶಿಯ ಹೂ ಬೇಡ.

ಚೆಂಡುಹೂವಿನಲ್ಲಿ ನೋಡಬೇಕಾದ್ದು ಕೆಳಗಿನ ಹಸಿರು ಬಟ್ಟಲು. ಎಸಳುಗಳನ್ನೆಲ್ಲ ಹಿಡಿದಿಟ್ಟಿರುವುದೇ ಅದು. ಬಟ್ಟಲು ಒತ್ತಿದರೆ ಗಟ್ಟಿಯಾಗಿದ್ದು ಲೋಳೆ ಬರದಿದ್ದರೆ ಹೂ ಎರಡು ದಿನಕ್ಕೆ ಮೋಸವಿಲ್ಲ. ಗುಲಾಬಿಯಲ್ಲಿ ಅರೆಬಿರಿದದ್ದನ್ನೇ ಆರಿಸಬೇಕು. ಬುಡದ ಉಬ್ಬಿದ ಭಾಗ ಬಿಗಿಯಾಗಿರಬೇಕು, ಎಸಳಿನ ಅಂಚು ಕಪ್ಪಾಗಿರಬಾರದು. ಪನ್ನೀರು ಗುಲಾಬಿಗೆ ಪರಿಮಳ ಹೆಚ್ಚು, ಆದರೆ ಎಸಳು ಬೇಗ ಕಳಚಿಕೊಳ್ಳುತ್ತದೆ. ಪೋಣಿಸುವುದಕ್ಕೆ ಚಿಕ್ಕ ಗಾತ್ರದ ಬಟನ್ ಗುಲಾಬಿ ಮೇಲು.

ಹೂವಿನ ಸಗಟು ವ್ಯಾಪಾರ ನಡೆಯುವುದು ಬೆಳಗಿನ ಜಾವ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮೊದಲೇ ಹೂವಿನ ಮೂಟೆಗಳು ಬಿಚ್ಚಿಕೊಂಡಿರುತ್ತವೆ. ಸಂಜೆಗೆ ಬೇಕಾದ ಹೂವನ್ನೂ ಬೆಳಿಗ್ಗೆಯೇ ತಂದು ಮನೆಯ ತಂಪಿನಲ್ಲಿ ಹರಡಿಡುವುದು, ಇಡೀ ಹಗಲು ಅಂಗಡಿಯ ಮುಂದೆ ಬಿಸಿಲಿಗೆ ಕೂತ ಹೂವನ್ನು ಸಂಜೆ ಕೊಳ್ಳುವುದಕ್ಕಿಂತ ಒಳ್ಳೆಯದು.

ಪೋಣಿಸುವ ಮುನ್ನ

ಕಿತ್ತ ಹೂ ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನು ಖರ್ಚು ಮಾಡುತ್ತಾ ಶಾಖ ಹೊರಬಿಡುತ್ತದೆ, ಎಸಳಿನ ಮೂಲಕ ನೀರನ್ನೂ ಕಳೆದುಕೊಳ್ಳುತ್ತದೆ. ರಾಶಿಯಾಗಿ ಕಟ್ಟಿಟ್ಟ ಹೂವಿನ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ನಡುವಿನ ಹೂ ಬೇಯುತ್ತದೆ. ಹಾಗಾಗಿ ಮನೆಗೆ ತಂದ ಕೂಡಲೇ ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದು, ಒಣ ಹತ್ತಿ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಬೇಕು. ಮೇಲೆ ನೀರು ಹಿಂಡಿದ ತೆಳು ಬಟ್ಟೆ ಹೊದಿಸಬಹುದು. ಫ್ಯಾನಿನ ಗಾಳಿ ನೇರವಾಗಿ ತಾಗಬಾರದು.

ಸೇವಂತಿಗೆ, ಚೆಂಡುಹೂಗಳಲ್ಲಿ ಮಣ್ಣು ಅಥವಾ ಸಣ್ಣ ಹುಳ ಇದ್ದರೆ ತಣ್ಣೀರಿನಲ್ಲಿ ಒಮ್ಮೆ ಅದ್ದಿ, ಜಾಡಿಸಿ, ಮುಖ ಕೆಳಗಾಗಿ ಬಟ್ಟೆಯ ಮೇಲೆ ಇಡಬೇಕು. ಎಸಳ ಸಂದು ಪೂರ್ತಿ ಆರಿದ ಮೇಲಷ್ಟೇ ಪೋಣಿಸಬೇಕು. ಗುಲಾಬಿ, ಸುಗಂಧರಾಜಗಳನ್ನು ತೊಳೆಯಬಾರದು. ಗುಲಾಬಿಯ ಎಸಳಿನ ಮೇಲೆ ನಿಂತ ಹನಿ ಬೆಳಿಗ್ಗೆಗೆ ಕಪ್ಪು ಚುಕ್ಕೆಯಾಗುತ್ತದೆ. ಸುಗಂಧರಾಜದ ಕೊಳವೆಯೊಳಗೆ ಸೇರಿದ ನೀರು ಹೊರಬರುವುದೇ ಇಲ್ಲ.

ಆಮೇಲೆ ಹೂವನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡಬೇಕು. ದೊಡ್ಡವು ಹಾರದ ಕೆಳಭಾಗಕ್ಕೆ, ನಡುಗಾತ್ರದವು ತೋಳುಗಳಿಗೆ, ಚಿಕ್ಕವು ಮೇಲಿನ ತುದಿಗೆ. ಕಂದಿದ್ದು, ಮುರಿದದ್ದು, ಒದ್ದೆಯಾದದ್ದನ್ನು ಇಲ್ಲಿಯೇ ತೆಗೆದುಹಾಕಬೇಕು. ಕೊಳೆತ ಒಂದು ಹೂ ಒತ್ತಾದ ಹಾರದಲ್ಲಿ ಅಕ್ಕಪಕ್ಕದ ನಾಲ್ಕು ಹೂವನ್ನು ಕೆಡಿಸುತ್ತದೆ.

ಸೂಜಿ ಮತ್ತು ದಾರ

ಹೂ ಪೋಣಿಸುವ ಸೂಜಿ ಬಟ್ಟೆ ಹೊಲಿಯುವ ಸೂಜಿಗಿಂತ ಉದ್ದ. ಗೇಣುದ್ದದ ಸೂಜಿಯಲ್ಲಿ ಇಪ್ಪತ್ತು ಮೂವತ್ತು ಹೂವನ್ನು ಒಮ್ಮೆಗೆ ಏರಿಸಿ, ಆಮೇಲೆ ಒಟ್ಟಿಗೆ ದಾರಕ್ಕೆ ಸರಿಸಬಹುದು. ಒಂದೊಂದೇ ಹೂವನ್ನು ದಾರದುದ್ದಕ್ಕೂ ಎಳೆದರೆ ದಾರ ಅಷ್ಟೂ ಸಲ ಹೂವನ್ನು ಉಜ್ಜಿ ತೂತನ್ನು ದೊಡ್ಡದು ಮಾಡುತ್ತದೆ. ಗೋಣಿ ಹೊಲಿಯುವ ದಬ್ಬಳ ಚೆಂಡುಹೂವಿನ ತೋರಣಕ್ಕೆ ಆದೀತು. ಸುಗಂಧರಾಜಕ್ಕೆ ಅದು ತೀರಾ ದಪ್ಪ, ಕೊಳವೆಯನ್ನು ಸೀಳಿಬಿಡುತ್ತದೆ. ಸೂಜಿಯ ಕಣ್ಣು ದಾರ ಹಿಡಿಯುವಷ್ಟಿದ್ದು ಮೈಗಿಂತ ಹೆಚ್ಚು ಉಬ್ಬಿರಬಾರದು, ಏಕೆಂದರೆ ತೂತಿನ ಅಳತೆ ನಿರ್ಧಾರವಾಗುವುದು ಕಣ್ಣಿನ ಅಗಲದಿಂದ.

ದಾರ ಹತ್ತಿಯದಾಗಿರಬೇಕು. ನೈಲಾನ್ ದಾರ ಜಾರುತ್ತದೆ ನಿಜ, ಆದರೆ ಹೂವಿನ ತೂಕ ಬಿದ್ದಾಗ ಮೆತ್ತನೆಯ ಭಾಗವನ್ನು ಕತ್ತರಿಸುತ್ತದೆ, ಗಂಟೂ ನಿಲ್ಲುವುದಿಲ್ಲ. ಹತ್ತಿ ದಾರವನ್ನು ಎರಡೆಳೆಯಾಗಿ ತೆಗೆದುಕೊಂಡು, ಒದ್ದೆ ಬೆರಳಲ್ಲಿ ಒಮ್ಮೆ ನೀವಿದರೆ ನೂಲಿನ ಸಣ್ಣ ಕೂದಲು ಅಂಟಿಕೊಂಡು ಹೂವಿನೊಳಗೆ ಸಲೀಸಾಗಿ ಸರಿಯುತ್ತದೆ. ನೀರು ತೊಟ್ಟಿಕ್ಕುವಷ್ಟು ಒದ್ದೆ ಮಾಡಬಾರದು. ಹೂವಿನ ರಸ ಸೂಜಿಗೆ ಅಂಟುತ್ತಾ ಬರುವುದರಿಂದ ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ ಹೂ ಸೂಜಿಗೆ ಕಚ್ಚಿಕೊಂಡು ಹರಿಯುವುದಿಲ್ಲ.

ಎಕ್ಕ ಮತ್ತು ಕಣಗಿಲೆ ಪೋಣಿಸುವವರು ಇನ್ನೊಂದು ಎಚ್ಚರ ವಹಿಸಬೇಕು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ತೀವ್ರ ಉರಿ ಬಂದು ದೃಷ್ಟಿಗೂ ತೊಂದರೆಯಾಗುತ್ತದೆ. ಕಣಗಿಲೆಯ ಎಲ್ಲ ಭಾಗವೂ ವಿಷ. ಕೆಲಸದ ನಡುವೆ ದಾರವನ್ನು ಬಾಯಿಂದ ಕಡಿಯಬಾರದು, ಮುಗಿದ ಮೇಲೆ ಕೈಯನ್ನೂ ಸೂಜಿಯನ್ನೂ ಸೋಪು ಹಾಕಿ ತೊಳೆಯಬೇಕು.

ಲೆಕ್ಕ

ಒಂದೂವರೆ ಅಡಿಯ ಪಟಕ್ಕೆ ಹಾರದ ಒಂದೊಂದು ತೋಳು 18 ಅಂಗುಲ ಇದ್ದರೆ ಸಾಕು. ಎರಡು ತೋಳನ್ನೂ ಬೇರೆ ಬೇರೆ ದಾರದಲ್ಲಿ, ಕೆಳಗಿನಿಂದ ಮೇಲಕ್ಕೆ ಪೋಣಿಸುವುದು ಒಳ್ಳೆಯದು. ಆಗ ಮೇಲಿನ ತುದಿ ಬಿಡುವಾಗಿ ಉಳಿದು, ಬೆಳಿಗ್ಗೆ ಬಿಗಿ ಸರಿಮಾಡಲು ಅನುಕೂಲವಾಗುತ್ತದೆ. ಹೂವಿಗೆ 18 ಅಂಗುಲ, ಮೇಲೆ ಕಟ್ಟಲು 12, ಕೆಳಗೆ ಕುಚ್ಚು ಸೇರಿಸಲು 6, ಒಟ್ಟು 36 ಅಂಗುಲ. ಎರಡೆಳೆ ಬೇಕಾದ್ದರಿಂದ ಒಂದು ತೋಳಿಗೆ 6 ಅಡಿ, ಎರಡಕ್ಕೆ 12 ಅಡಿ ದಾರ.

ವಿನ್ಯಾಸ ಹೀಗಿರಲಿ: ನಾಲ್ಕು ಅಂಗುಲ ಸುಗಂಧರಾಜ, ಆಮೇಲೆ ಬೆನ್ನಿಗೆ ಬೆನ್ನು ತಾಗಿದ ಎರಡು ಸೇವಂತಿಗೆ. ಎರಡು ಸೇವಂತಿಗೆ ಸೇರಿ ಒಂದು ಅಂಗುಲ ಜಾಗ ಹಿಡಿಯುತ್ತದೆ. ಐದು ಅಂಗುಲದ ಈ ಕಟ್ಟು ಮೂರು ಸಲ ಬಂದರೆ 15 ಅಂಗುಲ, ಉಳಿದ ಮೂರು ಅಂಗುಲಕ್ಕೆ ಮತ್ತೆ ಸುಗಂಧರಾಜ. ಅಂದರೆ ಒಂದು ತೋಳಿಗೆ 15 ಅಂಗುಲ ಸುಗಂಧರಾಜ ಮತ್ತು 6 ಸೇವಂತಿಗೆ, ಎರಡೂ ತೋಳಿಗೆ 30 ಅಂಗುಲ ಮತ್ತು 12 ಸೇವಂತಿಗೆ. ಅಂಗುಲಕ್ಕೆ ಸುಮಾರು 6 ಹೂ ಹಿಡಿದರೆ ಸುಗಂಧರಾಜ 180 ಬೇಕು. ಕುಚ್ಚಿಗೆ 15. ತೆಗೆದುಹಾಕುವ ಹೂವಿಗೂ ಬೆಳಗಿನ ಸೇರ್ಪಡೆಗೂ ಐವತ್ತು ಅರವತ್ತು ಹೆಚ್ಚು ತಂದರೆ 250ರ ಆಸುಪಾಸಿಗೆ ಬರುತ್ತದೆ. ಸೇವಂತಿಗೆ 16, ಬಟನ್ ಗುಲಾಬಿ 6 ಇರಲಿ. ಹೂವಿನ ಗಾತ್ರ ತಳಿಯಿಂದ ತಳಿಗೆ ಬದಲಾಗುವುದರಿಂದ ಮೊದಲು ಎರಡು ಅಂಗುಲ ಪೋಣಿಸಿ ಎಣಿಸಿಕೊಂಡು, ಆ ಲೆಕ್ಕದಲ್ಲಿ ಮುಂದುವರಿಯುವುದು ಜಾಣತನ.

ಪೋಣಿಸುವ ಕ್ರಮ

ದಾರದ ಎರಡು ತುದಿಗಳನ್ನು ಸೇರಿಸಿ, ಕೆಳಗೆ ಆರು ಅಂಗುಲ ಬಿಟ್ಟು ಗಂಟು ಹಾಕಬೇಕು. ಬರೀ ಗಂಟು ಹೂವಿನ ಮೈಯನ್ನು ಸೀಳಿಕೊಂಡು ಒಳಗೆ ನುಸುಳುತ್ತದೆ. ಅದಕ್ಕಾಗಿ ಗಂಟಿನ ಮೇಲೆ ಅರ್ಧ ಅಂಗುಲದ ಸೇವಂತಿಗೆ ದಂಟಿನ ತುಂಡನ್ನು ಅಡ್ಡಡ್ಡ ಪೋಣಿಸಬೇಕು. ಇಡೀ ತೋಳಿನ ತೂಕವನ್ನು ಹೊರುವುದು ಈ ತಡೆ.

ಸುಗಂಧರಾಜವನ್ನು ಎರಡು ರೀತಿ ಪೋಣಿಸಬಹುದು. ಬಾಯಿಯಿಂದ ಬುಡದವರೆಗೆ ಉದ್ದಕ್ಕೆ ಸೂಜಿ ಹಾಯಿಸಿದರೆ ಒಂದು ಹೂವಿನ ಬುಡ ಇನ್ನೊಂದರ ಬಾಯೊಳಗೆ ಕೂತು ಸಪೂರ ಸರವಾಗುತ್ತದೆ. ಇದು ಕುಚ್ಚಿನ ಎಳೆಗೆ ಸರಿ. ತೋಳಿನ ದಪ್ಪ ಭಾಗಕ್ಕೆ ಅಡ್ಡ ಪೋಣಿಸಬೇಕು. ಬುಡದ ತುದಿಯಿಂದ ಕಾಲು ಅಂಗುಲ ಮೇಲೆ ಕೊಳವೆ ಗಟ್ಟಿಯಾಗಿರುತ್ತದೆ, ಸೂಜಿ ಅಲ್ಲಿ ಅಡ್ಡಲಾಗಿ, ನಡುಮಧ್ಯದಲ್ಲಿ ಹೋಗಬೇಕು. ತೀರಾ ಬುಡಕ್ಕೆ ಚುಚ್ಚಿದರೆ ತುದಿ ಹರಿದು ಹೂ ಕಳಚುತ್ತದೆ. ತೀರಾ ಮೇಲೆ ಚುಚ್ಚಿದರೆ ತೆಳುವಾದ ಕೊಳವೆ ಅಪ್ಪಚ್ಚಿಯಾಗಿ, ಹೂ ತಲೆ ಬಾಗಿಸುತ್ತದೆ.

ಮೊದಲ ಹೂವಿನ ಬಾಯಿ ಎಡಕ್ಕೆ, ಎರಡನೆಯದು ಎದುರಿಗೆ, ಮೂರನೆಯದು ಬಲಕ್ಕೆ. ಮತ್ತೆ ಎಡಕ್ಕೆ, ಎದುರಿಗೆ, ಬಲಕ್ಕೆ. ಗೋಡೆಗೆ ಒರಗಿದ ಪಟಕ್ಕೆ ಹಿಂಬದಿಯಲ್ಲಿ ಹೂ ಬೇಕಿಲ್ಲ. ಹಿಂದೆಯೂ ಪೋಣಿಸಿದರೆ ಅವು ಗಾಜಿಗೆ ಒತ್ತಿ ನಜ್ಜಾಗುತ್ತವೆ, ಹಾರವೂ ಮುಂದಕ್ಕೆ ಎದ್ದು ನಿಲ್ಲುತ್ತದೆ. ವಿಗ್ರಹಕ್ಕೋ ಕೊರಳಿಗೋ ಹಾಕುವ ಗುಂಡು ಹಾರವಾದರೆ ನಾಲ್ಕೂ ದಿಕ್ಕಿಗೆ ತಿರುಗಿಸಿ ಪೋಣಿಸಬೇಕು, ಹೂವೂ ಅಷ್ಟೇ ಹೆಚ್ಚು ಬೇಕಾಗುತ್ತದೆ.

ಸೂಜಿ ತುಂಬಿದ ಮೇಲೆ ಹೂವಿನ ಸಾಲನ್ನು ಬೆರಳಲ್ಲಿ ಹಿಂಡದೆ, ಬುಡದ ಹೂವಿಗೆ ಹೆಬ್ಬೆರಳು ಒತ್ತಿ ದಾರಕ್ಕೆ ತಳ್ಳಬೇಕು. ನಾಲ್ಕು ಅಂಗುಲ ಆದೊಡನೆ ಸೇವಂತಿಗೆ. ಮೊದಲನೆಯದಕ್ಕೆ ಮುಖದ ನಡುವಿನಿಂದ ಸೂಜಿ ಇಳಿಸಿ ತೊಟ್ಟಿನ ಜಾಗದಲ್ಲಿ ಹೊರತೆಗೆಯಬೇಕು, ಎರಡನೆಯದಕ್ಕೆ ತೊಟ್ಟಿನ ಜಾಗದಿಂದ ಹೊಕ್ಕು ಮುಖದಲ್ಲಿ ಹೊರಬರಬೇಕು. ಹೀಗೆ ಎರಡರ ಬೆನ್ನೂ ಕೂಡಿ, ಮುಖಗಳು ಎರಡು ಕಡೆಗೆ ತಿರುಗುತ್ತವೆ. ತೊಟ್ಟನ್ನು ಮೊದಲೇ ಬುಡಕ್ಕೆ ಸಮವಾಗಿ ಕತ್ತರಿಸಿರಬೇಕು. ಸೂಜಿ ನಡುವಿನ ಗಟ್ಟಿ ಗದ್ದುಗೆಯಲ್ಲೇ ಹೋಗಬೇಕು. ಪಕ್ಕಕ್ಕೆ ಸರಿದರೆ ಹೂ ಒಂದು ಕಡೆಗೆ ವಾಲುತ್ತದೆ, ಎಸಳೂ ಗೊಂಚಲಾಗಿ ಉದುರುತ್ತದೆ.

ಬಾಗಿಲ ತೋರಣದಲ್ಲಿ ಹೂವಿನ ಮುಖ ಬೀದಿಗೆ ಕಾಣಬೇಕು. ಅಲ್ಲಿ ಸೂಜಿಯನ್ನು ನಡುವಿನಲ್ಲಿ ಇಳಿಸದೆ, ಹೂವಿನ ಬೆನ್ನಿನ ಗಟ್ಟಿ ಭಾಗದಲ್ಲಿ ಎಡದಿಂದ ಬಲಕ್ಕೆ ಹಾಯಿಸುತ್ತಾರೆ. ಚೆಂಡುಹೂವಿಗಾದರೆ ಹಸಿರು ಬಟ್ಟಲಿನೊಳಗೇ ಸೂಜಿ ಹೋಗಬೇಕು. ಬಟ್ಟಲಿಗಿಂತ ಮೇಲೆ ಬರೀ ಎಸಳಿಗೆ ಚುಚ್ಚಿದರೆ ಹೂವಿನ ತೂಕಕ್ಕೆ ಎಸಳು ಹರಿದು, ತೋರಣ ಕಟ್ಟಿದ ಅರ್ಧ ಗಂಟೆಯಲ್ಲೇ ಹೂ ನೆಲಕ್ಕೆ ಬೀಳುತ್ತದೆ.

ಕುಚ್ಚಿಗೆ ಮೂರು ಎಳೆ. ಪ್ರತಿ ಎಳೆಯ ಕೆಳಗೆ ಒಂದು ಗುಲಾಬಿ, ಅದರ ಮೇಲೆ ಉದ್ದಕ್ಕೆ ಪೋಣಿಸಿದ ಐದು ಸುಗಂಧರಾಜ, ಮೂರೂ ಎಳೆ ಕೂಡುವ ಜಾಗದಲ್ಲಿ ಇನ್ನೊಂದು ಗುಲಾಬಿ. ಗುಲಾಬಿಯ ಮುಖದಿಂದ ಸೂಜಿ ಹೊಗಿಸಿ ಬುಡದ ಗಟ್ಟಿ ಭಾಗದಲ್ಲಿ ಹೊರತೆಗೆದರೆ ಗಂಟೂ ತಡೆಯೂ ಎಸಳ ನಡುವೆ ಅಡಗುತ್ತವೆ. ಸುಗಂಧರಾಜಕ್ಕೆ ಬಾಯಿಯಿಂದ ಬುಡದ ಕಡೆಗೆ ಸೂಜಿ ಹೋದರೆ ಹೂಗಳೆಲ್ಲ ಬಾಯಿ ಕೆಳಗಾಗಿ ತೂಗುತ್ತವೆ. ಆದರೆ ಕುಚ್ಚನ್ನು ಗುರುವಾರ ಸಂಜೆ ಪೋಣಿಸಬೇಕಿಲ್ಲ. ಇಡೀ ಹಾರದಲ್ಲಿ ಮೊದಲು ಕೆಡುವ ಹೂ ಗುಲಾಬಿ. ಅದನ್ನು ತಂಪಿನಲ್ಲಿ ಬಿಡಿಯಾಗಿಟ್ಟು, ಬೆಳಿಗ್ಗೆ ಕುಚ್ಚು ಮಾಡಿ ಕಟ್ಟಿದರೆ ಹತ್ತು ನಿಮಿಷದ ಕೆಲಸ. ಮಲ್ಲಿಗೆಯ ದಂಡೆ ಸುತ್ತುವುದಿದ್ದರೂ ಹೀಗೆಯೇ, ಬೆಳಿಗ್ಗೆ ಸೇರಿಸುವುದು ಮೇಲು.

ಬಿಗಿ ಎಷ್ಟಿರಬೇಕು

ಹೊಸದಾಗಿ ಪೋಣಿಸುವವರು ಸಾಮಾನ್ಯವಾಗಿ ತಪ್ಪುವುದು ಬಿಗಿಯಲ್ಲಿ. ದಾರ ಕಾಣಬಾರದೆಂದು ಹೂವನ್ನು ಒತ್ತಿ ಒತ್ತಿ ತುಂಬಿದರೆ ಸಂಜೆ ಹಾರ ತುಂಬಿಕೊಂಡು ಕಾಣುತ್ತದೆ. ಆದರೆ ಒಳಗಿನ ಹೂಗಳ ಬುಡ ನಜ್ಜಾಗಿ ರಸ ಹೊರಬಂದಿರುತ್ತದೆ, ಗಾಳಿಯೂ ಆಡುವುದಿಲ್ಲ. ಬೆಳಿಗ್ಗೆ ಮುಟ್ಟಿದರೆ ಹಾರದ ನಡು ಬೆಚ್ಚಗಿದ್ದು, ಒಳಗಿನಿಂದ ಹುಳಿ ವಾಸನೆ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ತೀರಾ ಸಡಿಲವಾಗಿ ಪೋಣಿಸಿದರೆ ರಾತ್ರಿಯಲ್ಲಿ ಹೂ ನೀರು ಕಳೆದುಕೊಂಡು ಕುಗ್ಗಿದಾಗ ಅಲ್ಲಲ್ಲಿ ದಾರ ಬಯಲಾಗುತ್ತದೆ.

ಹೂಗಳು ಒಂದನ್ನೊಂದು ತಾಗಿರಬೇಕು, ಒತ್ತಿರಬಾರದು. ತೋಳನ್ನು ಎತ್ತಿ ಹಿಡಿದು ನಡುವಿನ ಒಂದು ಹೂವನ್ನು ಬೆರಳಲ್ಲಿ ತಿರುಗಿಸಿದರೆ ಅದು ಸ್ವಲ್ಪ ಕಷ್ಟದಿಂದಾದರೂ ತಿರುಗಬೇಕು. ತಿರುಗದಿದ್ದರೆ ಒತ್ತು ಹೆಚ್ಚಾಗಿದೆ ಎಂದು ತಿಳಿದು ನಾಲ್ಕಾರು ಹೂ ತೆಗೆಯಬೇಕು.

ರಾತ್ರಿ ಇಡುವ ಹಾರಕ್ಕೆ ಮೇಲಿನ ಗಂಟು ಹಾಕಬಾರದು. ಹದಿನೆಂಟು ಅಂಗುಲ ಮುಗಿದ ಮೇಲೆ ಸೂಜಿಯ ಹತ್ತಿರ ದಾರ ಕತ್ತರಿಸಿ, ಎಳೆದರೆ ಬಿಚ್ಚುವ ಜಾರುಗಂಟು ಹಾಕಿ ಬಿಡಬೇಕು. ಬೆಳಿಗ್ಗೆ ಕುಗ್ಗಿದ ಹೂಗಳನ್ನು ಕೆಳಕ್ಕೆ ಸರಿಸಿದಾಗ ಮೇಲ್ತುದಿಯಲ್ಲಿ ಅರ್ಧ ಅಥವಾ ಒಂದು ಅಂಗುಲ ಖಾಲಿಯಾಗುತ್ತದೆ. ದಾರವನ್ನು ಮತ್ತೆ ಸೂಜಿಗೆ ಹಾಕಿ, ಉಳಿಸಿಕೊಂಡ ಹೂವಿನಲ್ಲಿ ನಾಲ್ಕಾರು ಸೇರಿಸಿದರೆ ಹಾರ ಮತ್ತೆ ತುಂಬಿಕೊಳ್ಳುತ್ತದೆ.

ಎರಡು ತೋಳನ್ನೂ ಪಕ್ಕಪಕ್ಕದಲ್ಲಿ ಮಲಗಿಸಿ ಸೇವಂತಿಗೆಗಳು ಒಂದೇ ಮಟ್ಟದಲ್ಲಿವೆಯೇ ನೋಡಬೇಕು. ಆಮೇಲೆ ಒಂದೊಂದನ್ನೂ ಮೇಲಿನ ದಾರ ಹಿಡಿದು ಅರೆನಿಮಿಷ ತೂಗಬಿಟ್ಟರೆ ದಾರದಲ್ಲಿ ಉಳಿದ ಮುರಿ ಬಿಚ್ಚಿಕೊಳ್ಳುತ್ತದೆ. ಈ ಮುರಿ ತೆಗೆಯದೆ ಕಟ್ಟಿದರೆ ಪಟಕ್ಕೆ ಹಾಕಿದ ಮೇಲೆ ಹಾರ ತಾನಾಗಿ ತಿರುಗಿ, ಹೂವಿಲ್ಲದ ಬೆನ್ನು ಮುಂದೆ ಬರುತ್ತದೆ.

ರಾತ್ರಿ ಇಡುವುದು

ರಾತ್ರಿಯಲ್ಲಿ ಹೂವಿಗೆ ಬೇಕಾದ್ದು ತಂಪು ಮತ್ತು ತೇವದ ಗಾಳಿ. ಹನಿ ನೀರು ಮೈಮೇಲೆ ಇರಬಾರದು. ತಂಪಿನಲ್ಲಿ ಹೂವಿನ ಉಸಿರಾಟ ನಿಧಾನವಾಗುತ್ತದೆ, ತೇವದ ಗಾಳಿಯಲ್ಲಿ ಎಸಳಿನ ನೀರು ಬೇಗ ಆರುವುದಿಲ್ಲ. ಮೇಲೆ ನಿಂತ ಹನಿ ಮಾತ್ರ ಬೂಷ್ಟು ಬೆಳೆಯಲು ಜಾಗ ಕೊಡುತ್ತದೆ. ಹಾರದ ಮೇಲೆ ನೀರು ಚಿಮುಕಿಸಿ ಮುಚ್ಚಿಡುವ ಅಭ್ಯಾಸದಿಂದ ಹೂ ಹಾಳಾಗುವುದು ಇದಕ್ಕೇ.

ಫ್ರಿಜ್ ಇದ್ದರೆ, ಹಾರ ಅಗಲವಾಗಿ ಮಲಗುವಷ್ಟು ದೊಡ್ಡ ಮುಚ್ಚಳದ ಡಬ್ಬಿ ಬೇಕು. ತಳಕ್ಕೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆ, ಅದರ ಮೇಲೆ ಒಣ ತೆಳು ಬಟ್ಟೆ, ಅದರ ಮೇಲೆ ಹಾರ. ತೋಳುಗಳನ್ನು ಒಂದರ ಮೇಲೊಂದು ಹೇರದೆ ಸಡಿಲವಾಗಿ ಬಳಸಿ ಮಲಗಿಸಬೇಕು. ಮೇಲೆ ಮತ್ತೆ ಒಣ ಬಟ್ಟೆ ಹೊದಿಸಿ ಮುಚ್ಚಳ ಹಾಕಬೇಕು. ಮುಚ್ಚಳದಲ್ಲಿ ಕೂಡುವ ಹನಿಯನ್ನು ಈ ಬಟ್ಟೆ ಹೀರಿಕೊಳ್ಳುತ್ತದೆ. ಡಬ್ಬಿಯನ್ನು ಕೆಳಗಿನ ತಟ್ಟೆಯಲ್ಲಿ ಅಥವಾ ತರಕಾರಿ ಇಡುವ ಜಾಗದಲ್ಲಿ ಇಡಬೇಕು. ಫ್ರೀಜರ್‌ಗೆ ಹತ್ತಿರವಾದ ಮೇಲಿನ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ತಾಗಿದಂತೆ ಇಟ್ಟರೆ ಸುಗಂಧರಾಜ ಅತಿ ಚಳಿಗೆ ಕಂದಿ, ಎಸಳು ನೀರುನೀರಾಗುತ್ತದೆ.

ಅದೇ ಫ್ರಿಜ್‌ನಲ್ಲಿ ಮಾಗಿದ ಮಾವು, ಸೇಬು, ಬಾಳೆಹಣ್ಣು ಇರಬಾರದು. ಮಾಗುವ ಹಣ್ಣು ಹೊರಬಿಡುವ ಎಥಿಲೀನ್ ಅನಿಲ ಹೂವನ್ನು ಬೇಗ ಬಾಡಿಸುತ್ತದೆ, ಎಸಳು ಉದುರಿಸುತ್ತದೆ. ಹಬ್ಬದ ಹಿಂದಿನ ದಿನ ಹಣ್ಣೂ ಹೂವೂ ಒಟ್ಟಿಗೆ ಬರುವುದರಿಂದ ಇದು ಸುಲಭವಾಗಿ ಆಗುವ ಅಚಾತುರ್ಯ. ಹಣ್ಣನ್ನು ಹೊರಗಿಟ್ಟು ಹೂವನ್ನು ಒಳಗಿಟ್ಟರೆ ಸಮಸ್ಯೆ ತೀರುತ್ತದೆ. ಹಾಲು, ಬೆಣ್ಣೆಗಳನ್ನೂ ಮುಚ್ಚಿಡಬೇಕು, ಸುಗಂಧರಾಜದ ಪರಿಮಳ ಅವಕ್ಕೆ ಹತ್ತುತ್ತದೆ.

ಫ್ರಿಜ್ ಇಲ್ಲದಿದ್ದರೂ ಒಂದು ರಾತ್ರಿಗೆ ಹಾರವನ್ನು ಉಳಿಸಬಹುದು. ಒರೆಸಿ ಒಣಗಿಸಿದ ಬಾಳೆ ಎಲೆಯಲ್ಲಿ ಸಡಿಲವಾಗಿ ಸುತ್ತಿ, ಬಿದಿರಿನ ಬುಟ್ಟಿಯಲ್ಲಿಟ್ಟು, ಬುಟ್ಟಿಯ ಸುತ್ತ ಒದ್ದೆ ಗೋಣಿ ಹೊದಿಸಿ, ಗಾಳಿಯಾಡುವ ತಂಪು ನೆಲದ ಮೇಲೆ ಇಡುವುದು ಹಳೆಯ ಕ್ರಮ. ಎಲೆ ಹೂವಿನ ನೀರು ಆರದಂತೆ ತಡೆಯುತ್ತದೆ, ಗೋಣಿಯ ನೀರು ಆವಿಯಾಗುತ್ತಾ ಒಳಗನ್ನು ತಂಪು ಮಾಡುತ್ತದೆ. ಕಲಬುರಗಿ, ರಾಯಚೂರಿನಂಥ ಒಣ ಹವೆಯ ಊರುಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಗೋಣಿ ಒಣಗದಂತೆ ರಾತ್ರಿ ಒಮ್ಮೆ ನೀರು ಚಿಮುಕಿಸಬೇಕು. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಗಾಳಿಯೇ ತೇವದಿಂದ ಕೂಡಿರುವುದರಿಂದ ಗೋಣಿಯ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ. ಅಲ್ಲಿ ಬಾಡುವುದಕ್ಕಿಂತ ಬೂಷ್ಟಿನ ಭಯವೇ ಹೆಚ್ಚು. ಬಾಳೆ ಎಲೆಯಲ್ಲಿ ಸಡಿಲವಾಗಿ ಸುತ್ತಿ, ಒದ್ದೆ ಗೋಣಿಯಿಲ್ಲದೆ ಗಾಳಿಗೆ ಬಿಡುವುದು ಅಲ್ಲಿಗೆ ಸರಿಯಾದ ಕ್ರಮ.

ಹಾರವನ್ನು ಮೊಳೆಗೆ ತೂಗುಹಾಕಿ ರಾತ್ರಿ ಕಳೆಯಬಾರದು. ಹೂವಿನ ತೂಕವೆಲ್ಲ ಕೆಳಗಿನ ತಡೆಯ ಮೇಲೆ ಬಿದ್ದು, ಕೆಳಗಿನ ಹೂ ನಜ್ಜಾಗಿ ಮೇಲಿನ ದಾರ ಬಯಲಾಗುತ್ತದೆ.

ಬೆಳಿಗ್ಗೆ

ಫ್ರಿಜ್‌ನಿಂದ ತೆಗೆದ ಡಬ್ಬಿಯನ್ನು ಕೂಡಲೇ ತೆರೆಯಬಾರದು. ತಣ್ಣಗಿರುವ ಹೂವಿಗೆ ಹೊರಗಿನ ಬೆಚ್ಚನೆಯ ಗಾಳಿ ತಾಗಿದರೆ ಎಸಳಿನ ಮೇಲೆಲ್ಲ ಹನಿ ಕೂಡುತ್ತದೆ, ಒಂದೆರಡು ಗಂಟೆಯಲ್ಲಿ ಅಲ್ಲೆಲ್ಲ ಕಲೆ ಬೀಳುತ್ತದೆ. ಮುಚ್ಚಿದಂತೆಯೇ ಅರ್ಧ ಗಂಟೆ ಹೊರಗಿಟ್ಟು, ಡಬ್ಬಿಯ ಮೈ ಕೈಗೆ ತಣ್ಣಗೆ ತಾಗದಂತಾದ ಮೇಲೆ ತೆರೆಯಬೇಕು.

ಮೊದಲು ಕೆಟ್ಟ ಹೂ ಹುಡುಕಬೇಕು. ಕಂದಿದ ಹೂವಿಗಾಗಿ ದಾರ ಬಿಚ್ಚಬೇಕಿಲ್ಲ. ಅದನ್ನು ಉಗುರಿನಿಂದ ಸೀಳಿ ದಾರದಿಂದ ಕಳಚಿ, ಮೇಲಿನ ಹೂಗಳನ್ನು ಕೆಳಕ್ಕೆ ಸರಿಸಿದರೆ ಜಾಗ ಮುಚ್ಚಿಕೊಳ್ಳುತ್ತದೆ. ಆಮೇಲೆ ಜಾರುಗಂಟು ಬಿಚ್ಚಿ ಬಿಗಿ ಸರಿಮಾಡಿ, ಬೇಕಾದಷ್ಟು ಹೂ ಸೇರಿಸಿ, ದಂಟಿನ ತುಂಡೊಂದನ್ನು ತಡೆಯಾಗಿ ಇಟ್ಟು ಗಟ್ಟಿ ಗಂಟು ಹಾಕಬೇಕು. ಎರಡು ತೋಳಿನ ಕೆಳಗಿನ ದಾರಗಳನ್ನು ಸೇರಿಸಿ ಕಟ್ಟಿ, ಅಲ್ಲಿಗೆ ಕುಚ್ಚು ಸೇರಿಸಬೇಕು. ಮೇಲಿನ ದಾರಗಳನ್ನು ಪಟದ ಎರಡು ಮೂಲೆಗೆ ಕಟ್ಟಿದರೆ ಭಾರ ಹಂಚಿಹೋಗುತ್ತದೆ. ನಡುವಿನ ಒಂದೇ ಮೊಳೆಗೆ ಎರಡನ್ನೂ ಸಿಕ್ಕಿಸಿದರೆ ತೋಳುಗಳು ಒಳಕ್ಕೆ ಸರಿದು ದೇವಿಯ ಮುಖ ಮುಚ್ಚುತ್ತದೆ. ದೀಪದ ಶಾಖ ನೇರವಾಗಿ ತಾಗುವ ಕಡೆಯ ಹೂ ಮಧ್ಯಾಹ್ನದೊಳಗೆ ಬಾಡುವುದರಿಂದ ದೀಪಕ್ಕೂ ಹಾರಕ್ಕೂ ಒಂದಡಿಯಾದರೂ ಅಂತರವಿರಬೇಕು.

ಹೀಗೆ ಮಾಡಿದ ಹಾರದಲ್ಲಿ ಸುಗಂಧರಾಜ ಶುಕ್ರವಾರ ಸಂಜೆಯವರೆಗೆ ಚೆನ್ನಾಗಿರುತ್ತದೆ, ಸೇವಂತಿಗೆ ಶನಿವಾರವೂ ಉಳಿಯುತ್ತದೆ. ಹಾರ ತೆಗೆದ ಮೇಲೆ ದಂಟಿನ ತಡೆ ಕತ್ತರಿಸಿ ದಾರ ಎಳೆದರೆ ಹೂವೆಲ್ಲ ಒಮ್ಮೆಗೇ ಕಳಚಿಕೊಳ್ಳುತ್ತದೆ. ಹತ್ತಿ ದಾರವಾದ್ದರಿಂದ ಹೂವಿನ ಜೊತೆ ಗಿಡದ ಬುಡಕ್ಕೆ ಹಾಕಿದರೂ ಅದು ಮಣ್ಣಾಗುತ್ತದೆ.